ಉದ್ದ ಇದ್ದರೆ ದೊಡ್ಡದಾ? ದಶಮಾಂಶ ಹೋಲಿಕೆಯ ವರ್ಕ್‌ಶೀಟ್ ಮಾಡುವ, ತಿದ್ದುವ ಬಗೆ

ಆರನೇ ತರಗತಿಯಲ್ಲಿ ಬೋರ್ಡಿನ ಮೇಲೆ 4.8 ಮತ್ತು 4.63 ಬರೆದು, ಯಾವುದು ದೊಡ್ಡದು ಅಂತ ಕೇಳಿ ನೋಡಿ. ಕೆಲವು ಮಕ್ಕಳು ಒಂದು ಕ್ಷಣವೂ ಯೋಚಿಸದೆ 4.63 ಅನ್ನುತ್ತಾರೆ. ಯಾಕೆ ಅಂದರೆ, "ಅರವತ್ತಮೂರು ಎಂಟಕ್ಕಿಂತ ಜಾಸ್ತಿ ಅಲ್ವಾ ಮಿಸ್?"

ಇದು ಅಜಾಗರೂಕತೆಯ ತಪ್ಪಲ್ಲ. ಮಗು ಒಂದು ನಿಯಮವನ್ನು ಅನುಸರಿಸುತ್ತಿದೆ. ಬಿಂದುವಿನ ಆಚೆ ಇರುವುದನ್ನೂ ಪೂರ್ಣಸಂಖ್ಯೆ ಅಂತಲೇ ಓದುತ್ತಿದೆ. ಪೂರ್ಣಸಂಖ್ಯೆಗಳಲ್ಲಿ ಹೆಚ್ಚು ಅಂಕೆ ಇದ್ದದ್ದು ಯಾವಾಗಲೂ ದೊಡ್ಡದೇ. ಐದು ವರ್ಷ ಕೈಬಿಡದ ನಿಯಮ ಈಗ ಮಾತ್ರ ಯಾಕೆ ಕೈಬಿಡಬೇಕು?

ನಾನು ಮೊದಲು ಮಾಡಿದ ವರ್ಕ್‌ಶೀಟ್ ಈ ತಪ್ಪನ್ನು ತಿದ್ದಿದಂತೆ ಕಂಡಿತು. ನಿಜದಲ್ಲಿ ಅದನ್ನು ತಲೆಕೆಳಗು ಮಾಡಿತ್ತು, ಅಷ್ಟೇ. ಆ ಹಾಳೆಯಲ್ಲಿ ಇಪ್ಪತ್ತು ಜೋಡಿಗಳಿದ್ದವು. ಇಪ್ಪತ್ತರಲ್ಲೂ ಗಿಡ್ಡ ಸಂಖ್ಯೆಯೇ ದೊಡ್ಡದು: 0.5 ಮತ್ತು 0.36, 0.8 ಮತ್ತು 0.75, ಹೀಗೆ. ಒಂದು ವಾರದಲ್ಲಿ ಎಲ್ಲರಿಗೂ ಪೂರ್ತಿ ಅಂಕ ಬಂತು. ನಾನೂ ಖುಷಿಯಾದೆ. ಆಮೇಲೆ ಒಬ್ಬ ಹುಡುಗಿ ಬೇರೆ ಲೆಕ್ಕದ ನಡುವೆ 0.3 ಸಂಖ್ಯೆ 0.426ಕ್ಕಿಂತ ದೊಡ್ಡದು ಅಂತ ಬರೆದಳು. ಯಾಕಮ್ಮ ಅಂದರೆ, "ಹತ್ತರ ತುಂಡು ದೊಡ್ಡದು ಮಿಸ್, ಸಾವಿರದ ತುಂಡು ತೀರಾ ಚಿಕ್ಕದು. ಅದಕ್ಕೆ ಉದ್ದ ಇರೋದು ಚಿಕ್ಕದು." ಮೊದಲಿನ ಮಾತು ಸರಿ. ಅದರಿಂದ ಅವಳು ತೆಗೆದ ತೀರ್ಮಾನ ತಪ್ಪು. ಆ ತೀರ್ಮಾನವನ್ನು ಅವಳಿಗೆ ಕಲಿಸಿದ್ದು ನನ್ನ ಇಪ್ಪತ್ತು ಜೋಡಿಗಳು.

ಹಾಗಾಗಿ ಇಲ್ಲಿ ತಿದ್ದಬೇಕಾದ ತಪ್ಪುಗಳು ಎರಡು. ಉದ್ದ ಇದ್ದರೆ ದೊಡ್ಡದು ಅನ್ನುವುದು ಒಂದು. ಗಿಡ್ಡ ಇದ್ದರೆ ದೊಡ್ಡದು ಅನ್ನುವುದು ಇನ್ನೊಂದು. ಎರಡಕ್ಕೂ ಬೇರು ಒಂದೇ: ಮಗು ಅಂಕೆಗಳ ಸ್ಥಾನ ನೋಡುತ್ತಿಲ್ಲ, ಎಷ್ಟು ಅಂಕೆ ಇವೆ ಅಂತ ಎಣಿಸುತ್ತಿದೆ.

ಮೊದಲು ಪತ್ತೆ ಹಚ್ಚುವ ಹಾಳೆ

ಪಾಠಕ್ಕೆ ಮುಂಚೆ, ಏನನ್ನೂ ವಿವರಿಸದೆ, ಈ ಹಾಳೆ ಕೊಡಿ. ಹತ್ತು ನಿಮಿಷ ಸಾಕು. ಸೂಚನೆ ಒಂದೇ: ದೊಡ್ಡದಕ್ಕೆ ಸುತ್ತು ಹಾಕಿ, ಎರಡೂ ಒಂದೇ ಅನಿಸಿದರೆ ನಡುವೆ = ಹಾಕಿ.

1) 4.8 — 4.63
2) 0.3 — 0.426
3) 0.36 — 0.5
4) 5.736 — 5.62
5) 4.7 — 4.08
6) 0.75 — 0.8
7) 2.516 — 2.4
8) 2.216 — 2.37
9) 7.63 — 7.942
10) 0.6 — 0.60
11) 17.353 — 17.35

ಈ ಜೋಡಿಗಳನ್ನು ಸುಮ್ನೆ ಮನಸ್ಸಿಗೆ ಬಂದಂತೆ ಬರೆದಿಲ್ಲ. 1, 3, 6, 8ರಲ್ಲಿ ಗಿಡ್ಡ ಸಂಖ್ಯೆ ದೊಡ್ಡದು. 2, 4, 7, 9ರಲ್ಲಿ ಉದ್ದ ಸಂಖ್ಯೆ ದೊಡ್ಡದು. ಮೊದಲ ಗುಂಪಿನ ನಾಲ್ಕೂ ತಪ್ಪಾಗಿ ಎರಡನೇ ಗುಂಪಿನ ನಾಲ್ಕೂ ಸರಿಯಾದರೆ, ಆ ಮಗು ಉದ್ದ ನೋಡಿ ಹೇಳುತ್ತಿದೆ. ಇದರ ತದ್ವಿರುದ್ಧ ಆದರೆ ಗಿಡ್ಡದ್ದನ್ನು ಆರಿಸುತ್ತಿದೆ.

ಈಗ ಒಟ್ಟು ಅಂಕ ಹಾಕಿ ನೋಡಿ. ಉದ್ದ ನೋಡುವ ಮಗು 2, 4, 7, 9, 11ನ್ನು ಸರಿ ಮಾಡುತ್ತದೆ. ಐದನೆಯದರಲ್ಲಿ 08ನ್ನು ಎಂಟು ಅಂತ ಓದಿ ತಪ್ಪುತ್ತದೆ. ಹತ್ತರಲ್ಲಿ ಅರವತ್ತು ದೊಡ್ಡದು ಅಂತ 0.60ಕ್ಕೆ ಸುತ್ತು ಹಾಕುತ್ತದೆ. ಹನ್ನೊಂದಕ್ಕೆ ಐದು. ಗಿಡ್ಡದ್ದನ್ನು ಆರಿಸುವ ಮಗು 1, 3, 5, 6, 8ನ್ನು ಸರಿ ಮಾಡುತ್ತದೆ. ಅದಕ್ಕೂ ಹನ್ನೊಂದಕ್ಕೆ ಐದು! ಇಬ್ಬರ ಕಾಯಿಲೆ ಬೇರೆ, ಅಂಕ ಒಂದೇ. ಆದ್ದರಿಂದ ಈ ಹಾಳೆಗೆ ಅಂಕ ಕೊಡಬೇಡಿ. ಯಾವ ಪ್ರಶ್ನೆಗಳು ತಪ್ಪಿವೆ ಅಂತ ಹೆಸರಿನ ಪಕ್ಕ ಬರೆದುಕೊಳ್ಳಿ.

ಐದನೆಯದು, ಹನ್ನೊಂದನೆಯದು ಸಣ್ಣ ಬಲೆಗಳು. ಉದ್ದ ನೋಡುವ ಮಕ್ಕಳಲ್ಲೇ ಕೆಲವರು "ಮುಂದೆ ಸೊನ್ನೆ ಇದ್ದರೆ ಕಡಿಮೆ" ಅಂತ ಕೇಳಿರುತ್ತಾರೆ. ಅವರಿಗೆ ಐದನೆಯದೂ ಸರಿ ಬರುತ್ತದೆ. ಹನ್ನೊಂದನೆಯದು ಬೇರೆಯವರನ್ನು ಹಿಡಿಯುತ್ತದೆ. ಉಳಿದದ್ದೆಲ್ಲ ಸರಿ ಮಾಡಿ, ಇಲ್ಲಿ ಮಾತ್ರ = ಹಾಕಿದರೆ, ಆ ಮಗು ದಶಮಾಂಶವನ್ನು ರೂಪಾಯಿ ಪೈಸೆ ಅಂತ ಓದುತ್ತಿರಬಹುದು. ಎರಡು ಅಂಕೆಯಾಚೆ ಅದಕ್ಕೆ ಏನೂ ಇಲ್ಲ. ಇಂಥ ಜೋಡಿಗಳಿಂದ ಮಕ್ಕಳ ಯೋಚನೆಯನ್ನು ಬಗೆಬಗೆಯಾಗಿ ವಿಂಗಡಿಸುವ ಕೆಲಸವನ್ನು ಮೆಲ್ಬರ್ನ್ ವಿಶ್ವವಿದ್ಯಾಲಯದ ಕೇಯ್ ಸ್ಟೇಸಿ ಮತ್ತು ವಿಕಿ ಸ್ಟೀನ್ಲ್ ವಿಸ್ತಾರವಾಗಿ ಮಾಡಿದ್ದಾರೆ. ಮೇಲಿನ ಹಾಳೆಯ ಹಿಂದಿರುವುದೂ ಅದೇ ಯೋಚನೆ.

ಈ ಹಾಳೆಯಲ್ಲಿ 3.72 ಮತ್ತು 3.27ರಂಥ ಜೋಡಿ ಇಲ್ಲ, ಗಮನಿಸಿದಿರಾ? ಬೇಕಂತಲೇ ಬಿಟ್ಟಿದ್ದು. ಎರಡೂ ಕಡೆ ಅಷ್ಟೇ ಅಂಕೆ ಇದ್ದರೆ 72 ಮತ್ತು 27 ಅಂತ ಹೋಲಿಸಿದರೂ ಉತ್ತರ ಸರಿಯೇ. ಅಂಥ ಪ್ರಶ್ನೆಗಳೇ ತುಂಬಿರುವ ಹಾಳೆಯಲ್ಲಿ ತಪ್ಪು ವರ್ಷಗಟ್ಟಲೆ ಅಡಗಿರುತ್ತದೆ. ಕ್ರೀಡಾಕೂಟದ ಉದ್ದಜಿಗಿತದ ಪಟ್ಟಿ, ಅಂಗಡಿ ಬಿಲ್ಲು, ಇವೆಲ್ಲದರಲ್ಲೂ ಅಂಕೆಗಳು ಸಮನಾಗಿರುತ್ತವೆ. ಆದ್ದರಿಂದ "ದಿನನಿತ್ಯದ ಉದಾಹರಣೆ" ಅಂತ ಅವನ್ನೇ ಕೊಟ್ಟರೆ ಏನೂ ಗೊತ್ತಾಗುವುದಿಲ್ಲ.

ತಪ್ಪು ಎಲ್ಲಿಂದ ಬಂತು ಅಂತ ಕೇಳಿ

ಹಾಳೆ ನೋಡಿದ ಮೇಲೆ ಪ್ರತಿ ಗುಂಪಿನಿಂದ ಇಬ್ಬರು ಮೂವರನ್ನು ಕರೆದು ಸಂಖ್ಯೆಗಳನ್ನು ಓದಿಸಿ. 0.36ನ್ನು "ಸೊನ್ನೆ ಪಾಯಿಂಟ್ ಮೂವತ್ತಾರು" ಅಂತ ಓದಿದರೆ ಅರ್ಧ ಕಾರಣ ಸಿಕ್ಕಿತು. ನಾವೇ ಹಾಗೆ ಓದಿಸಿರುತ್ತೇವೆ. ಅವತ್ತಿನಿಂದ "ಸೊನ್ನೆ ಪಾಯಿಂಟ್ ಮೂರು ಆರು" ಅಂತಲೇ ಓದಿ, ಮಕ್ಕಳಿಂದಲೂ ಓದಿಸಿ. ನನ್ನ ಬಾಯಿಗೆ ಇದು ರೂಢಿಯಾಗಲು ಒಂದು ತಿಂಗಳು ಹಿಡಿಯಿತು.

ಇನ್ನರ್ಧ ಹೊರಗಿನಿಂದ ಬರುತ್ತದೆ. ಕ್ರಿಕೆಟ್‌ನಲ್ಲಿ 4.3 ಓವರ್ ಅಂದರೆ ನಾಲ್ಕು ಓವರ್, ಮೂರು ಎಸೆತ. 4.5 ಆದ ಮೇಲೆ ಇನ್ನೊಂದು ಎಸೆತ ಹಾಕಿದರೆ ಓವರ್ ಮುಗಿದು 5 ಆಗುತ್ತದೆ. ಅಲ್ಲಿ ಬಿಂದು ಬರೀ ಎರಡು ಎಣಿಕೆಗಳ ನಡುವಿನ ಗೋಡೆ. ಅಭ್ಯಾಸ 3.9 ಆದ ಮೇಲೆ ಅಭ್ಯಾಸ 3.10 ಬರುತ್ತದೆ. ಬಸ್ ಹೊರಡುವುದು 9.30ಕ್ಕೆ. ಮಕ್ಕಳು ದಿನವೂ ನೋಡುವ ಬಿಂದುಗಳಲ್ಲಿ ಬಹಳಷ್ಟು ದಶಮಾಂಶ ಬಿಂದುಗಳೇ ಅಲ್ಲ. ಇದನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳಿಬಿಡುವುದು ಒಳ್ಳೆಯದು. ಮಕ್ಕಳಿಗೆ ಇದು ಇಷ್ಟವೂ ಆಗುತ್ತದೆ. ಕ್ರಿಕೆಟ್ ಹುಡುಗರು ಎದ್ದು ನಿಂತು ವಾದಕ್ಕಿಳಿಯುತ್ತಾರೆ.

ಹೆಸರುಗಳೂ ಕಾಟ ಕೊಡುತ್ತವೆ. ದಶಮಾಂಶ, ದಶಾಂಶ ಎರಡೂ ಕಿವಿಗೆ ಹೆಚ್ಚುಕಡಿಮೆ ಒಂದೇ. ಶತಾಂಶ ಕೇಳಿದರೆ ನೂರು ನೆನಪಾಗುತ್ತದೆ, ನೂರು ಅಂದರೆ ದೊಡ್ಡದು. ಹಾಗಾಗಿ ಮೊದಲ ಎರಡು ವಾರ ನಾನು ಹತ್ತರ ತುಂಡು, ನೂರರ ತುಂಡು, ಸಾವಿರದ ತುಂಡು ಅನ್ನುತ್ತೇನೆ. ಪುಸ್ತಕದ ಪದಗಳು ಆಮೇಲೆ ಬರಲಿ.

ಪಟ್ಟಿ ಕತ್ತರಿಸಿ ಜೋಡಿಸುವುದು

ಚಾರ್ಟ್ ಶೀಟ್ ಅಂಟಿಸಿ, ಒಂದು ಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿ. ಇದು "ಒಂದು". ಅದೇ ಅಗಲದ 10 ಸೆಂ.ಮೀ. ತುಂಡುಗಳು ಹನ್ನೆರಡು, 1 ಸೆಂ.ಮೀ. ತುಂಡುಗಳು ಇಪ್ಪತ್ತು. ಐದಾರು ಮಕ್ಕಳ ಗುಂಪಿಗೆ ಇಷ್ಟು ಸಾಕು. ದೊಡ್ಡ ತುಂಡು ಒಂದು ಬಣ್ಣ, ಚಿಕ್ಕದು ಇನ್ನೊಂದು ಬಣ್ಣ ಇದ್ದರೆ ಅನುಕೂಲ.

ಅಳತೆ ನಿಮಗೆ ಗೊತ್ತಿರಲಿ, ಪಟ್ಟಿಯ ಮೇಲೆ ಬರೆಯಬೇಡಿ. ಮಕ್ಕಳ ಮುಂದೆ ಸೆಂಟಿಮೀಟರ್ ಅನ್ನುವ ಪದವನ್ನೇ ಎತ್ತಬೇಡಿ. ಎತ್ತಿದರೆ 0.35 ಮೀಟರ್ ಅಂದರೆ ಮೂವತ್ತೈದು ಸೆಂಟಿಮೀಟರ್, 0.4 ಅಂದರೆ ನಾಲ್ಕು ಸೆಂಟಿಮೀಟರ್ ಅಂತ ಮತ್ತೆ ಪೂರ್ಣಸಂಖ್ಯೆಗೇ ಓಡಿಹೋಗುತ್ತಾರೆ. ಗೆರೆ ಇಲ್ಲದ ಖಾಲಿ ಪಟ್ಟಿ ಇದ್ದರೆ ಓಡಲು ದಾರಿ ಇರುವುದಿಲ್ಲ.

ಮೊದಲು ಹತ್ತು ದೊಡ್ಡ ತುಂಡು ಸಾಲಾಗಿ ಇಟ್ಟರೆ "ಒಂದು" ತುಂಬುತ್ತದೆ ಅಂತ ಮಕ್ಕಳೇ ಕಂಡುಕೊಳ್ಳಲಿ. ಆಮೇಲೆ ಹತ್ತು ಚಿಕ್ಕದು ಸೇರಿದರೆ ಒಂದು ದೊಡ್ಡ ತುಂಡು. ಸಾವಿರದ ತುಂಡನ್ನು ಕತ್ತರಿಸಲು ಆಗುವುದಿಲ್ಲ. ಚಿಕ್ಕ ತುಂಡನ್ನೇ ಮತ್ತೆ ಹತ್ತು ಮಾಡಿದರೆ ಎಷ್ಟಾಗಬಹುದು ಅಂತ ಕೇಳಿ, ಪೆನ್ಸಿಲ್‌ನಿಂದ ತೆಳು ಗೆರೆ ಎಳೆಸಿ. ಕತ್ತರಿಸಲು ಆಗದಷ್ಟು ಸಣ್ಣದು ಅನ್ನುವ ಅನುಭವವೇ ಇಲ್ಲಿ ಬೇಕಾಗಿರುವುದು.

ಈಗ ಜೋಡಿ: 0.4 ಮತ್ತು 0.35. ಕಟ್ಟುವ ಮುಂಚೆ ಯಾವುದು ಉದ್ದ ಬರುತ್ತದೆ ಅಂತ ಪ್ರತಿ ಮಗುವೂ ಪುಸ್ತಕದಲ್ಲಿ ಬರೆಯಬೇಕು. ಬಾಯಲ್ಲಿ ಹೇಳಿದರೆ ಸಾಲದು, ಕಟ್ಟಿದ ಮೇಲೆ "ನಾನೂ ಅದೇ ಅಂದಿದ್ದೆ" ಅನ್ನುತ್ತಾರೆ. ಆಮೇಲೆ ನಾಲ್ಕು ದೊಡ್ಡ ತುಂಡು ಒಂದು ಸಾಲಿನಲ್ಲಿ, ಮೂರು ದೊಡ್ಡ ಮತ್ತು ಐದು ಚಿಕ್ಕ ತುಂಡು ಅದರ ಕೆಳಗೆ. ಐದು ಚಿಕ್ಕವು ಸೇರಿ ಒಂದು ದೊಡ್ಡ ತುಂಡಿನ ಅರ್ಧಕ್ಕೆ ನಿಂತುಬಿಡುತ್ತವೆ. ಅಲ್ಲಿ ಕೇಳಬೇಕಾದ ಪ್ರಶ್ನೆ: ಮೂರು ದೊಡ್ಡ ತುಂಡಿನ ಜೊತೆ ಎಷ್ಟು ಚಿಕ್ಕದು ಇಟ್ಟರೆ ನಾಲ್ಕನ್ನು ದಾಟಬಹುದು? ಒಂಬತ್ತು ಇಟ್ಟರೂ ಆಗುವುದಿಲ್ಲ. ಹತ್ತು ಇಟ್ಟರೆ ಸಮ, ಆದರೆ ಹತ್ತು ಆದ ಕೂಡಲೇ ಅದು ಇನ್ನೊಂದು ದೊಡ್ಡ ತುಂಡಾಗಿ ಬದಲಾಗುತ್ತದೆ.

ಕೂಡಲೇ ಎರಡನೇ ಜೋಡಿ: 0.3 ಮತ್ತು 0.42. ಇದನ್ನು ನಾಳೆಗೆ ಇಡಬೇಡಿ, ಅದೇ ಪಿರಿಯಡ್‌ನಲ್ಲಿ ಮಾಡಿ. ನಾನು ಮೊದಲು ಕಲಿಸಿದಾಗ ತಪ್ಪಿದ್ದು ಇಲ್ಲೇ. ಉದ್ದ ಸಂಖ್ಯೆ ಒಮ್ಮೆ ಸೋತಿದ್ದನ್ನು ನೋಡಿದ ಮಗು ಇನ್ನೊಮ್ಮೆ ಅದು ಗೆಲ್ಲುವುದನ್ನೂ ನೋಡಬೇಕು. ಇಲ್ಲದಿದ್ದರೆ ಹೊಸ ನಿಯಮ ಕಟ್ಟಿಕೊಂಡು ಮನೆಗೆ ಹೋಗುತ್ತದೆ. ಎರಡು ಪಿರಿಯಡ್‌ನಲ್ಲಿ ಆರು ಜೋಡಿ ಕಟ್ಟಿಸಿದರೆ ಸಾಕು. ಮೂರರಲ್ಲಿ ಉದ್ದ ಗೆಲ್ಲಲಿ, ಮೂರರಲ್ಲಿ ಗಿಡ್ಡ.

ನೂರು ಚೌಕದ ಗ್ರಾಫ್ ಹಾಳೆಗೆ ಬಣ್ಣ ತುಂಬಿಸುವ ಪದ್ಧತಿಯೂ ಇದೆ. ತಪ್ಪೇನಲ್ಲ, ಆದರೆ ಅಲ್ಲಿ 0.4ಕ್ಕೆ ನಾಲ್ಕು ಚೌಕ ತುಂಬಿಸುವ ಮಕ್ಕಳು ಸಿಕ್ಕೇ ಸಿಗುತ್ತಾರೆ. ಪಟ್ಟಿಯೇ ಮೊದಲು ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಮುಚ್ಚಿ ತೆರೆಯುವ ಆಟ

ಪಟ್ಟಿ ಪಕ್ಕಕ್ಕಿಟ್ಟ ಮೇಲೆ ಈ ಆಟ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಇದೇ.

ಬೋರ್ಡಿನ ಮೇಲೆ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು, ಬಿಂದುವಿನ ಕೆಳಗೆ ಬಿಂದು ಬರುವಂತೆ ಬರೆಯಿರಿ. ಬಿಂದುವಿನ ಬಲಗಡೆ ಇರುವುದನ್ನೆಲ್ಲ ಅಗಲವಾದ ರಟ್ಟಿನಿಂದ ಮುಚ್ಚಿ. ಯಾವುದರಲ್ಲಿ ಎಷ್ಟು ಅಂಕೆ ಇದೆ ಅಂತ ಯಾರಿಗೂ ಕಾಣಬಾರದು. ಉದ್ದ ಕಾಣದಿದ್ದರೆ ಉದ್ದ ನೋಡಿ ಹೇಳಲು ಬರುವುದಿಲ್ಲವಲ್ಲ! ರಟ್ಟನ್ನು ಎಡದಿಂದ ಒಂದೊಂದೇ ಸ್ಥಾನ ಸರಿಸಿ. ಯಾವುದು ದೊಡ್ಡದು ಅಂತ ಖಚಿತವಾದ ತಕ್ಷಣ ಮಕ್ಕಳು "ಸಾಕು" ಅನ್ನಬೇಕು.

ಮೇಲೆ 0.4, ಕೆಳಗೆ 0.3 ಕಂಡಿತು ಅಂದುಕೊಳ್ಳಿ. ಅರ್ಧ ತರಗತಿ "ಸಾಕು" ಅನ್ನುತ್ತದೆ. ಇನ್ನರ್ಧ "ಇನ್ನೂ ತೆಗೀರಿ ಮಿಸ್, ಕೆಳಗಡೆ ಇನ್ನೂ ಇರಬಹುದು" ಅನ್ನುತ್ತದೆ. ತೆಗೆಯಬೇಡಿ. ಕೆಳಗಡೆ ಏನಿದ್ದರೆ ಅದು ಗೆಲ್ಲಬಹುದು ಅಂತ ಕೇಳಿ. ಒಬ್ಬ ಹುಡುಗ 0.39 ಅಂದ. ಇನ್ನೊಬ್ಬ ಎದ್ದು 0.3999 ಅಂದ. ಬೋರ್ಡಿನ ತುದಿಯವರೆಗೆ ಒಂಬತ್ತು ಬರೆದರು. ನಾಲ್ಕನೇ ದೊಡ್ಡ ತುಂಡು ತುಂಬಿತಾ ಅಂತ ಕೇಳಿದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಬಂತು: "ಎಷ್ಟು ಹಾಕಿದ್ರೂ ಒಂಚೂರು ಉಳಿಯುತ್ತೆ." (ಒಂಬತ್ತು ಮುಗಿಯದೇ ಹೋದರೆ ಏನಾಗುತ್ತದೆ ಅಂತ ಯಾರಾದರೂ ಕೇಳಿದರೆ, ಅದು ಬೇರೆಯೇ ಕಥೆ. ಆರನೇ ತರಗತಿಗೆ ಬೇಡ.)

ಇಂಥ ಐದು ಜೋಡಿ ಮಾಡಿ. ಅದರಲ್ಲಿ ಒಂದು 0.35 ಮತ್ತು 0.352 ಇರಲಿ. ಮೂರು, ಮೂರು. ಐದು, ಐದು. ಆಮೇಲೆ ಒಂದು ಕಡೆ ಖಾಲಿ, ಇನ್ನೊಂದು ಕಡೆ ಎರಡು. ಆ ಖಾಲಿ ಜಾಗದಲ್ಲಿ ಸಾವಿರದ ತುಂಡು ಒಂದೂ ಇಲ್ಲ ಅಂತ ಮಕ್ಕಳೇ ಹೇಳಿದರೆ, ಸೊನ್ನೆ ಬರೆಯುವ ಸಮಯ ಬಂತು.

ಸೊನ್ನೆ ಸೇರಿಸುವ ನಿಯಮ ಯಾಕೆ ಕಡೆಯಲ್ಲಿ

"ಅಂಕೆ ಕಡಿಮೆ ಇದ್ದರೆ ಸೊನ್ನೆ ಹಾಕಿ ಸಮ ಮಾಡಿ, ಆಮೇಲೆ ಹೋಲಿಸಿ." ಇದು ಎಲ್ಲರಿಗೂ ಗೊತ್ತಿರುವ ಉಪಾಯ. ಉತ್ತರವೂ ಸರಿ ಬರುತ್ತದೆ. ಆದರೆ ಮೊದಲ ದಿನವೇ ಹೇಳಿಕೊಟ್ಟರೆ ಮಗು 0.4ನ್ನು 0.40 ಮಾಡಿ, ನಲವತ್ತು ಮೂವತ್ತೈದಕ್ಕಿಂತ ದೊಡ್ಡದು ಅಂತ ನೋಡುತ್ತದೆ. ಯೋಚನೆ ಪೂರ್ಣಸಂಖ್ಯೆಯದ್ದೇ, ಉತ್ತರ ಮಾತ್ರ ಸರಿ. ತಪ್ಪು ಒಳಗೇ ಉಳಿಯಿತು. ಅದನ್ನು ನೋಡಬೇಕಾದರೆ 0.3 + 0.15 ಕೊಡಿ. 0.18 ಅಂತ ಬರೆದರೆ, ಹೋಲಿಕೆಯಲ್ಲಿ ಪೂರ್ತಿ ಅಂಕ ಬಂದಿದ್ದರೂ ಪಟ್ಟಿಯ ಹತ್ತಿರ ವಾಪಸ್ ಕರೆಯಬೇಕು.

ಸೊನ್ನೆಗೆ ದಾರಿ ಅದಲುಬದಲು. ನಾಲ್ಕು ದೊಡ್ಡ ತುಂಡನ್ನು ಕೊಟ್ಟು ನಲವತ್ತು ಚಿಕ್ಕ ತುಂಡು ತೆಗೆದುಕೊಂಡರೆ ಉದ್ದ ಬದಲಾಗುತ್ತದಾ? ಗುಂಪುಗಳು ತಮ್ಮ ಚಿಕ್ಕ ತುಂಡುಗಳನ್ನು ಒಟ್ಟುಗೂಡಿಸಿ ಇದನ್ನು ಒಮ್ಮೆ ಮಾಡಲಿ. ಆಮೇಲೆ 0.4 = 0.40 ಅಂತ ಬರೆದರೆ ಅದಕ್ಕೆ ಕಾರಣ ಕಣ್ಣಮುಂದೆ ಇರುತ್ತದೆ.

ತಿದ್ದುವ ಹಾಳೆ

ಈಗ ಕೊಡುವ ಹಾಳೆಯಲ್ಲಿ ಬರೀ ಜೋಡಿಗಳು ಬೇಡ. ಜೋಡಿ ಇದ್ದರೆ ಊಹಿಸಿದರೂ ಅರ್ಧದಷ್ಟು ಸರಿ ಬರುತ್ತದೆ. ಖಾಲಿ ಜಾಗ ತುಂಬಿಸಿ. ಹೊಂದುವ ಎಲ್ಲ ಅಂಕೆಗಳನ್ನೂ ಬರೆಯಿರಿ ಅಂತ ಹೇಳಿ.

ಅ) 0.▢ > 0.57
ಆ) 0.4▢ < 0.42
ಇ) 0.▢99 < 0.5
ಈ) 0.▢1 > 0.3

ಅ ಉತ್ತರ 6, 7, 8, 9. ಆ ಉತ್ತರ 0, 1. ಇವೆರಡೂ ಸರಾಗ. ಇ ಮತ್ತು ಈ ನಿಜವಾದ ಪರೀಕ್ಷೆ. ಇ ಉತ್ತರ 0ಯಿಂದ 4. ಉದ್ದ ನೋಡುವ ಮಗು ಇಲ್ಲಿ "ಆಗಲ್ಲ" ಅಂತ ಬರೆಯುತ್ತದೆ, ಅದಕ್ಕೆ ತೊಂಬತ್ತೊಂಬತ್ತು ಎಲ್ಲಿ, ಐದೆಲ್ಲಿ. ಗಿಡ್ಡದ್ದನ್ನು ಆರಿಸುವ ಮಗು ಒಂಬತ್ತರವರೆಗೆ ಎಲ್ಲವನ್ನೂ ಬರೆಯುತ್ತದೆ. ನಾಲ್ಕನೆಯದಕ್ಕೆ ಉತ್ತರ 3ರಿಂದ 9. ಇಲ್ಲಿ 3ನ್ನು ಬಿಟ್ಟು 4ರಿಂದ ಶುರು ಮಾಡಿದವರು ಬಹಳ ಹತ್ತಿರ ಬಂದಿದ್ದಾರೆ. ಹತ್ತರ ಸ್ಥಾನ ನೋಡಿದ್ದಾರೆ, ಅದು ಸಮವಾದಾಗ ಮುಂದಿನ ಸ್ಥಾನ ನೋಡಲು ಮರೆತಿದ್ದಾರೆ.

ಆಮೇಲೆ ಒಂದೇ ಒಂದು ಏರಿಕೆ ಕ್ರಮ:

0.5, 0.45, 0.405, 0.054, 0.54, 0.504

ಸರಿಯಾದದ್ದು 0.054, 0.405, 0.45, 0.5, 0.504, 0.54. ತಪ್ಪು ಬಂದರೆ ಸಾಲನ್ನು ಓದಿ. 0.5ನ್ನು ಮೊದಲಿಗೆ, 0.504ನ್ನು ಕೊನೆಗೆ ಇಟ್ಟಿದ್ದರೆ ಪೂರ್ಣಸಂಖ್ಯೆಯ ಓದು. ಮೂರಂಕೆಯವೆಲ್ಲ ಮೊದಲು, ಆಮೇಲೆ ಎರಡಂಕೆಯವು, ಕಡೆಗೆ 0.5 ಇದ್ದರೆ ಗಿಡ್ಡದ್ದು ದೊಡ್ಡದು ಅನ್ನುವ ಓದು. ಆರು ಸಂಖ್ಯೆಯ ಒಂದು ಸಾಲು ಇಪ್ಪತ್ತು ಜೋಡಿಗಿಂತ ಜಾಸ್ತಿ ಹೇಳುತ್ತದೆ.

ಕೊನೆಯ ಪ್ರಶ್ನೆ: 0.3 ಮತ್ತು 0.4ರ ನಡುವೆ ಎಷ್ಟು ಸಂಖ್ಯೆಗಳಿವೆ? "ಒಂದೂ ಇಲ್ಲ" ಅಂದರೆ ಹತ್ತರ ತುಂಡಿನಾಚೆ ಮಗು ಇನ್ನೂ ಹೋಗಿಲ್ಲ. "ಒಂಬತ್ತು" ಅಂದರೆ ನೂರರ ತುಂಡಿನವರೆಗೆ ಬಂದು ನಿಂತಿದೆ. ಆ ಮಗುವಿಗೆ 0.31 ಮತ್ತು 0.32ರ ನಡುವೆ ಏನಿದೆ ಅಂತ ಕೇಳಿ, ಸಂಖ್ಯಾರೇಖೆಯಲ್ಲಿ ಆ ತುಣುಕನ್ನು ಹಿಗ್ಗಿಸಿ ಮತ್ತೆ ಹತ್ತು ಭಾಗ ಮಾಡಿಸಿ.

ಎರಡು ವಾರ ಬಿಟ್ಟು ಮತ್ತೊಮ್ಮೆ

ಪತ್ತೆ ಹಚ್ಚುವ ಹಾಳೆಯನ್ನು ಬೇರೆ ಅಂಕೆಗಳೊಂದಿಗೆ, ಅದೇ ಮಾದರಿಯಲ್ಲಿ, ಹೇಳದೆ ಕೇಳದೆ ಕೊಡಿ. ಮರುದಿನವೇ ಕೊಟ್ಟರೆ ಎಲ್ಲರೂ ಸರಿ ಮಾಡುತ್ತಾರೆ, ಅದಕ್ಕೆ ಅರ್ಥವಿಲ್ಲ. ಕೆಲವರು ಹಳೆಯ ನಿಯಮಕ್ಕೆ ಮರಳಿರುತ್ತಾರೆ. ಅವರಿಗೆ ಮತ್ತೆ ಇಡೀ ಪಾಠ ಬೇಡ, ಪಟ್ಟಿಯಲ್ಲಿ ಎರಡು ಜೋಡಿ, ಮುಚ್ಚಿ ತೆರೆಯುವ ಆಟ ಒಂದು ಸುತ್ತು ಸಾಕಾಗುತ್ತದೆ. ಕೆಲವರು ಹಳೆಯದನ್ನು ಬಿಟ್ಟು ಗಿಡ್ಡದ್ದರ ಕಡೆ ಹೊರಳಿರುತ್ತಾರೆ. 2, 4, 7, 9ರ ಸ್ಥಾನದಲ್ಲಿ ಹೊಸದಾಗಿ ತಪ್ಪು ಕಂಡರೆ ಅದೇ. ಇವರು ಮೊದಲ ಹಾಳೆಯಲ್ಲಿ ಆ ನಾಲ್ಕನ್ನೂ ಸರಿ ಮಾಡಿದ್ದವರು, ಅದಕ್ಕೇ ಮೊದಲ ಹಾಳೆಯನ್ನು ಎಸೆಯದೆ ಇಟ್ಟುಕೊಂಡಿರಬೇಕು.

0.3 ದೊಡ್ಡದು ಅಂದಿದ್ದ ಆ ಹುಡುಗಿಯ ಎರಡನೇ ಹಾಳೆ ನನ್ನ ಹತ್ತಿರ ಇನ್ನೂ ಇದೆ. 0.▢1 > 0.3 ಎದುರು ಅವಳು 4, 5, 6, 7, 8, 9 ಅಂತ ಬರೆದಿದ್ದಾಳೆ. ಆಮೇಲೆ ಮುಂದೆ ಇದ್ದ ಚೂರು ಜಾಗದಲ್ಲಿ, ಬೇರೆ ಬಣ್ಣದ ಪೆನ್ನಿನಲ್ಲಿ, ಒಂದು 3 ತುರುಕಿದ್ದಾಳೆ.